ಓಲ್ಬರ್ಸ್‌ನ ವಿರೋಧಾಭಾಸ

ಓಲ್ಬರ್ಸ್‌ನ ವಿರೋಧಾಭಾಸ ಎಂಬುದು, ಅಸಂಖ್ಯ ನಕ್ಷತ್ರಗಳಿದ್ದರೂ ಇರುಳಿನ ಆಕಾಶ ಏಕೆ ಕಪ್ಪಾಗಿದೆ ಎಂಬ ಪ್ರಶ್ನೆಗೆ ಖಗೋಳವಿಜ್ಞಾನದಲ್ಲಿ ರೂಢಿಯಲ್ಲಿರುವ ಹೆಸರು. ವಿಶ್ವವು ಅನಂತವೂ ಅನಾದಿಯೂ ಆಗಿದ್ದು, ನಕ್ಷತ್ರಗಳು ಅದರಲ್ಲಿ ಸರಿಸುಮಾರು ಸಮನಾಗಿ ಹರಡಿಕೊಂಡಿದ್ದರೆ, ಯಾವ ದಿಕ್ಕಿಗೆ ನೋಡಿದರೂ ನಮ್ಮ ದೃಷ್ಟಿರೇಖೆಯು ಕೊನೆಗೆ ಒಂದು ನಕ್ಷತ್ರದ ಮೇಲ್ಮೈಯನ್ನು ತಾಕಲೇಬೇಕು. ಹಾಗಾದಲ್ಲಿ ಆಕಾಶದ ಪ್ರತಿಯೊಂದು ಭಾಗವೂ ಹಗಲಿರುಳೆನ್ನದೆ ಸೂರ್ಯಬಿಂಬದಂತೆ ಹೊಳೆಯಬೇಕು. ವಾಸ್ತವದಲ್ಲಿ ಆಕಾಶ ಕಪ್ಪಾಗಿರುವುದರಿಂದ, ಮೇಲಿನ ಊಹೆಗಳಲ್ಲಿ ಯಾವುದೋ ಒಂದು ತಪ್ಪಾಗಿರಬೇಕು.

ತಪ್ಪಿರುವುದು ಮುಖ್ಯವಾಗಿ "ಅನಾದಿ" ಎಂಬ ಊಹೆಯಲ್ಲಿ. ವಿಶ್ವಕ್ಕೂ ಅದರ ನಕ್ಷತ್ರಗಳಿಗೂ ಸೀಮಿತ ವಯಸ್ಸಿದೆ. ಆಕಾಶವನ್ನು ತುಂಬಬಲ್ಲಷ್ಟು ನಕ್ಷತ್ರಗಳ ಬೆಳಕು ನಮ್ಮನ್ನು ತಲುಪಲು ಬೇಕಾದ ಕಾಲದ ಮುಂದೆ ಆ ವಯಸ್ಸು ಅತ್ಯಲ್ಪ. ವಿಶ್ವದ ವಿಸ್ತರಣೆಯೇ ಕತ್ತಲೆಗೆ ಕಾರಣವೆಂದು ಅನೇಕ ಪುಸ್ತಕಗಳಲ್ಲಿ ಹೇಳಿರುವುದುಂಟು. ನಕ್ಷತ್ರಗಳ ಬೆಳಕಿನ ಮಟ್ಟಿಗೆ ಈ ಹೇಳಿಕೆ ಪೂರ್ತಿ ಸರಿಯಲ್ಲ. ವಿಸ್ತರಣೆಯು ನಿರ್ಣಾಯಕವಾಗುವುದು ಬೇರೊಂದು ಬೆಳಕಿನ ವಿಷಯದಲ್ಲಿ, ಅಂದರೆ ವಿಶ್ವದ ಆರಂಭಕಾಲದ ಬೆಂಕಿಯ ವಿಷಯದಲ್ಲಿ.

## ವಾದದ ಸ್ವರೂಪ

ದೂರದ ನಕ್ಷತ್ರಗಳು ಮಂಕಾಗಿ ಕಾಣುವುದರಿಂದ ಆಕಾಶ ಕಪ್ಪಾಗಿದೆ ಎಂಬುದು ಯಾರಿಗಾದರೂ ಮೊದಲು ಹೊಳೆಯುವ ಉತ್ತರ. ಈ ಉತ್ತರ ಏಕೆ ಸಾಲದು ಎಂಬುದರಲ್ಲೇ ವಿರೋಧಾಭಾಸದ ತಿರುಳಿದೆ.

ಭೂಮಿಯನ್ನು ಕೇಂದ್ರವಾಗಿಟ್ಟುಕೊಂಡು ಈರುಳ್ಳಿಯ ಪದರಗಳಂತೆ ಒಂದರ ಹೊರಗೊಂದು ಗೋಳಾಕಾರದ ಪದರಗಳನ್ನು ಕಲ್ಪಿಸಿಕೊಳ್ಳಬಹುದು. ಪ್ರತಿ ಪದರದ ದಪ್ಪ 1 ಜ್ಯೋತಿರ್ವರ್ಷ ಎಂದಿರಲಿ. ಒಂದು ಪದರ 100 ಜ್ಯೋತಿರ್ವರ್ಷ ದೂರದಲ್ಲಿಯೂ ಇನ್ನೊಂದು 200 ಜ್ಯೋತಿರ್ವರ್ಷ ದೂರದಲ್ಲಿಯೂ ಇದ್ದರೆ, ಎರಡನೆಯದರ ಒಂದೊಂದು ನಕ್ಷತ್ರದಿಂದ ನಮಗೆ ಬರುವ ಬೆಳಕು ಮೊದಲನೆಯದರ ನಕ್ಷತ್ರದ ಬೆಳಕಿನ ನಾಲ್ಕನೇ ಒಂದು ಭಾಗ ಮಾತ್ರ. ಆದರೆ ಗೋಳದ ಮೇಲ್ಮೈ ದೂರದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ ಎರಡನೆಯ ಪದರದಲ್ಲಿ ನಕ್ಷತ್ರಗಳ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ. ಮಂಕಾದದ್ದಕ್ಕೂ ಸಂಖ್ಯೆ ಹೆಚ್ಚಿದ್ದಕ್ಕೂ ಸರಿಹೋಗಿ, ಎರಡೂ ಪದರಗಳಿಂದ ಬರುವ ಒಟ್ಟು ಬೆಳಕು ಸಮನಾಗಿರುತ್ತದೆ. ಪದರಗಳು ಅನಂತವಾಗಿದ್ದರೆ ಸೇರುತ್ತ ಹೋಗುವ ಬೆಳಕಿಗೂ ಕೊನೆಯಿರಬಾರದು.

ವಾಸ್ತವದಲ್ಲಿ ಬೆಳಕು ಅನಂತವಾಗುವುದಿಲ್ಲ, ಏಕೆಂದರೆ ಹತ್ತಿರದ ನಕ್ಷತ್ರಗಳು ತಮ್ಮ ಹಿಂದಿರುವ ನಕ್ಷತ್ರಗಳನ್ನು ಮರೆಮಾಡುತ್ತವೆ. ಆಕಾಶದಲ್ಲಿ ನಕ್ಷತ್ರಬಿಂಬಗಳು ಒಂದಕ್ಕೊಂದು ತಾಗಿಕೊಂಡು ಜಾಗವೆಲ್ಲ ತುಂಬಿದ ಮೇಲೆ ಪ್ರಖರತೆ ಮತ್ತೆ ಏರದು. ಆಗ ಆಕಾಶದ ಪ್ರಖರತೆ ನಕ್ಷತ್ರಗಳ ಮೇಲ್ಮೈಯ ಪ್ರಖರತೆಗೆ ಸಮನಾಗುತ್ತದೆ. ದೂರ ಹೆಚ್ಚಿದಂತೆ ನಕ್ಷತ್ರದ ಬಿಂಬ ಚಿಕ್ಕದಾಗುತ್ತದೆಯೇ ಹೊರತು, ಬಿಂಬದ ಅಷ್ಟೇ ವಿಸ್ತೀರ್ಣದಿಂದ ಬರುವ ಬೆಳಕು ತಗ್ಗುವುದಿಲ್ಲ ಎಂಬ ಅಂಶವನ್ನು ಇಲ್ಲಿ ಗಮನಿಸಬೇಕು. ಶನಿಗ್ರಹದಿಂದ ನೋಡಿದರೆ ಸೂರ್ಯ ಬಹಳ ಸಣ್ಣದಾಗಿ ಕಂಡರೂ, ಆ ಸಣ್ಣ ಬಿಂಬವು ಇಲ್ಲಿಂದ ಕಾಣುವಷ್ಟೇ ಪ್ರಖರವಾಗಿರುತ್ತದೆ.

ಇಡೀ ಖಗೋಳವನ್ನು ಮುಚ್ಚಲು ಸುಮಾರು 1,85,000 ಸೂರ್ಯಬಿಂಬಗಳು ಬೇಕು. ದಿಗಂತದ ಮೇಲಿರುವ ಅರ್ಧ ಆಕಾಶಕ್ಕೆ ಅದರ ಅರ್ಧ, ಅಂದರೆ ತೊಂಬತ್ತು ಸಾವಿರಕ್ಕೂ ಹೆಚ್ಚು. ವಾದದ ಊಹೆಗಳು ಸರಿಯಾಗಿದ್ದರೆ ನಮ್ಮ ತಲೆಯ ಮೇಲೆ ಎಡೆಬಿಡದೆ ತೊಂಬತ್ತು ಸಾವಿರ ಸೂರ್ಯರು ಉರಿಯುತ್ತಿರಬೇಕಿತ್ತು. ಭೂಮಿಯೂ ಕಾದು ಸೂರ್ಯನ ಮೇಲ್ಮೈಯ ಉಷ್ಣತೆಯನ್ನೇ, ಅಂದರೆ ಸುಮಾರು 5,500 ಡಿಗ್ರಿ ಸೆಲ್ಸಿಯಸನ್ನು ಮುಟ್ಟಬೇಕಿತ್ತು.

## ಇತಿಹಾಸ

ಈ ಪ್ರಶ್ನೆಗೆ ಜರ್ಮನಿಯ ಬ್ರೆಮೆನ್ ನಗರದ ವೈದ್ಯ ಹಾಗೂ ಖಗೋಳವೀಕ್ಷಕ ಹೈನ್ರಿಕ್ ವಿಲ್ಹೆಲ್ಮ್ ಓಲ್ಬರ್ಸ್ (1758–1840) ಅವರ ಹೆಸರು ಅಂಟಿಕೊಂಡಿದೆ. ಪಲ್ಲಾಸ್ ಮತ್ತು ವೆಸ್ಟಾ ಎಂಬ ಕ್ಷುದ್ರಗ್ರಹಗಳನ್ನು ಕಂಡುಹಿಡಿದವರು ಇವರೇ. ಆದರೆ 1823ರಲ್ಲಿ ಅವರು ಈ ಕುರಿತು ಬರೆಯುವ ವೇಳೆಗೆ ಪ್ರಶ್ನೆಗೆ ಎರಡು ಶತಮಾನಗಳಿಗೂ ಹೆಚ್ಚಿನ ವಯಸ್ಸಾಗಿತ್ತು. ಅವರ ಹೆಸರಿನ ಬಳಕೆ ವ್ಯಾಪಕವಾದದ್ದು ಹರ್ಮನ್ ಬಾಂಡಿ 1952ರಲ್ಲಿ ಪ್ರಕಟಿಸಿದ ವಿಶ್ವವಿಜ್ಞಾನದ ಗ್ರಂಥದ ನಂತರ.

ಇಂಗ್ಲೆಂಡಿನ ಥಾಮಸ್ ಡಿಗ್ಸ್ 1576ರಲ್ಲಿ ಕೊಪರ್ನಿಕಸ್‌ನ ವ್ಯವಸ್ಥೆಯನ್ನು ವಿವರಿಸುತ್ತ, ನಕ್ಷತ್ರಗಳು ಒಂದೇ ಗೋಳಕ್ಕೆ ಅಂಟಿಕೊಂಡಿಲ್ಲ, ಅನಂತವಾಗಿ ಹರಡಿವೆ ಎಂದು ಚಿತ್ರಿಸಿದರು. ಅವುಗಳಲ್ಲಿ ಹೆಚ್ಚಿನವು ಅತಿದೂರದಲ್ಲಿರುವುದರಿಂದ ಕಾಣುವುದಿಲ್ಲ ಎಂಬುದು ಅವರ ತಿಳಿವಳಿಕೆಯಾಗಿತ್ತು. ಯೋಹಾನೆಸ್ ಕೆಪ್ಲರ್ 1610ರಲ್ಲಿ ಗೆಲಿಲಿಯೋಗೆ ಉತ್ತರವಾಗಿ ಬರೆದ ಕೃತಿಯಲ್ಲಿ ಇದೇ ಕತ್ತಲೆಯನ್ನು ಎದುರುವಾದಕ್ಕೆ ಬಳಸಿಕೊಂಡರು: ಸೂರ್ಯನಂಥ ನಕ್ಷತ್ರಗಳು ಅನಂತವಾಗಿದ್ದರೆ ಅವೆಲ್ಲ ಸೇರಿ ಸೂರ್ಯನನ್ನು ಮೀರಿಸಬೇಕಿತ್ತು, ಹಾಗಾಗದಿರುವುದರಿಂದ ವಿಶ್ವಕ್ಕೆ ಎಲ್ಲೆಯಿದೆ. ಕೆಪ್ಲರ್ ತಲುಪಿದ ತೀರ್ಮಾನ ಇಂದು ನಿಲ್ಲದಿದ್ದರೂ, ಕತ್ತಲೆಯೂ ವಿವರಣೆ ಬೇಡುವ ಒಂದು ವೀಕ್ಷಣೆ ಎಂಬುದನ್ನು ಮೊದಲು ಗುರುತಿಸಿದವರಲ್ಲಿ ಅವರು ಒಬ್ಬರು.

ಪದರಗಳ ಲೆಕ್ಕವನ್ನು ಕ್ರಮಬದ್ಧವಾಗಿ ಮಾಡಿದವರು ಸ್ವಿಟ್ಜರ್ಲೆಂಡಿನ ಜ್ಯಾನ್ ಫಿಲಿಪ್ ಲೊಯಿ ದ ಶೆಸೋ. 1744ರ ಧೂಮಕೇತುವಿನ ಬಗ್ಗೆ ಬರೆದ ಗ್ರಂಥದ ಅನುಬಂಧದಲ್ಲಿ ಅವರು ಈ ವಿಚಾರವನ್ನೆತ್ತಿ, ಆಕಾಶವೆಲ್ಲ ಸೂರ್ಯನಂತೆ ಹೊಳೆಯಬೇಕೆಂಬ ಫಲಿತಾಂಶಕ್ಕೆ ಬಂದರು. ಅದು ಹಾಗಿಲ್ಲದಿರುವುದಕ್ಕೆ ಅವರು ಕೊಟ್ಟ ಕಾರಣವನ್ನೇ ಮುಂದೆ ಓಲ್ಬರ್ಸ್ ಕೂಡ ಕೊಟ್ಟರು: ನಕ್ಷತ್ರಗಳ ನಡುವಿನ ಆಕಾಶ ಪೂರ್ಣ ಪಾರದರ್ಶಕವಲ್ಲ, ಅಲ್ಲಿರುವ ತೆಳುವಾದ ವಸ್ತುವು ದೂರದ ಬೆಳಕನ್ನು ಹೀರಿಕೊಳ್ಳುತ್ತದೆ.

## ಧೂಳಿನ ವಾದ ಏಕೆ ನಿಲ್ಲದು

ನಕ್ಷತ್ರಗಳ ನಡುವೆ ಧೂಳಿರುವುದು ನಿಜ. ನಮ್ಮ ಆಕಾಶಗಂಗೆಯ ಕೇಂದ್ರಭಾಗ ಬರಿಗಣ್ಣಿಗೆ ಕಾಣದಿರಲು ಅದೇ ಕಾರಣ. ಆದರೂ ಅದು ವಿರೋಧಾಭಾಸವನ್ನು ಬಿಡಿಸಲಾರದು ಎಂಬುದನ್ನು ಜಾನ್ ಹರ್ಷೆಲ್ 1848ರಲ್ಲಿ ತೋರಿಸಿಕೊಟ್ಟರು. ಹೀರಿಕೊಂಡ ಬೆಳಕು ನಾಶವಾಗುವುದಿಲ್ಲ. ಅದು ಧೂಳನ್ನು ಕಾಯಿಸುತ್ತದೆ. ಅನಾದಿಕಾಲದಿಂದ ಬೆಳಕನ್ನು ಹೀರುತ್ತಿರುವ ಧೂಳು, ತಾನು ಪಡೆದಷ್ಟನ್ನೇ ಹೊರಸೂಸುವ ಸ್ಥಿತಿ ಬರುವವರೆಗೂ ಕಾಯುತ್ತ ಹೋಗುತ್ತದೆ. ಸುತ್ತಲೂ ನಕ್ಷತ್ರಗಳೇ ತುಂಬಿರುವಾಗ ಆ ಸ್ಥಿತಿ ಬರುವುದು ಧೂಳಿನ ಉಷ್ಣತೆ ನಕ್ಷತ್ರಗಳ ಮೇಲ್ಮೈಯ ಉಷ್ಣತೆಗೆ ಸಮನಾದಾಗ. ಕುಲುಮೆಯೊಳಗೆ ಕಬ್ಬಿಣದ ತಟ್ಟೆಯೊಂದನ್ನು ಅಡ್ಡ ನಿಲ್ಲಿಸಿದರೆ ಸ್ವಲ್ಪ ಹೊತ್ತು ಅದರ ಹಿಂದೆ ನೆರಳಿರಬಹುದು. ಬಳಿಕ ತಟ್ಟೆಯೇ ಕೆಂಡವಾಗುತ್ತದೆ.

ನಮ್ಮ ಗೆಲಾಕ್ಸಿಯ ಧೂಳು ಹೀಗೆ ಕೆಂಡವಾಗಿಲ್ಲದಿರುವುದು ಸುತ್ತಲಿನ ಆಕಾಶ ಕತ್ತಲಾಗಿರುವುದರಿಂದಲೇ. ಅದು ಹೀರಿಕೊಂಡ ಅಲ್ಪ ಬೆಳಕನ್ನು ಅವಕೆಂಪು ಕಿರಣಗಳಾಗಿ ಹೊರಬಿಡುತ್ತಿದ್ದು, ಅವಕೆಂಪು ದೂರದರ್ಶಕಗಳಲ್ಲಿ ಇದು ಕಾಣುತ್ತದೆ. ಹೀಗಾಗಿ ಧೂಳು ಕತ್ತಲೆಗೆ ಕಾರಣವೆನ್ನುವುದಕ್ಕಿಂತ, ಧೂಳು ತಣ್ಣಗಿರಲು ಕತ್ತಲೆ ಕಾರಣವೆನ್ನುವುದು ಸರಿಯಾದೀತು.

## ಪರಿಹಾರ

### ಕಾಡು ಮತ್ತು ನೋಟದ ಎಲ್ಲೆ

ಪರಿಹಾರವನ್ನು ಅರಿಯಲು ಕಾಡಿನ ಹೋಲಿಕೆ ಅನುಕೂಲಕರ. ಮರಗಳು ಎಲ್ಲೆಂದರಲ್ಲಿ ಬೆಳೆದಿರುವ ಕಾಡಿನ ನಡುವೆ ನಿಂತವನಿಗೆ ಯಾವ ಕಡೆ ನೋಡಿದರೂ ಒಂದಲ್ಲ ಒಂದು ಕಾಂಡ ಅಡ್ಡಬರುತ್ತದೆ. ಎಷ್ಟು ದೂರ ಹೋದರೆ ಅಡ್ಡಬರುತ್ತದೆ ಎಂಬುದನ್ನು ಲೆಕ್ಕ ಹಾಕಬಹುದು. ಒಂದು ಮರದ ಪಾಲಿಗೆ 25 ಚದರ ಮೀಟರ್ ನೆಲ ಬರುವುದಾದರೆ ಮತ್ತು ಕಾಂಡದ ಅಗಲ ಅರ್ಧ ಮೀಟರ್ ಆಗಿದ್ದರೆ, 25 ಅನ್ನು ಅರ್ಧದಿಂದ ಭಾಗಿಸಿದಾಗ 50 ಮೀಟರ್ ಬರುತ್ತದೆ. ಸರಾಸರಿಯಲ್ಲಿ ನೋಟ ನಿಲ್ಲುವ ದೂರ ಅದು. ಕಾಡು 50 ಮೀಟರಿಗಿಂತ ಬಹಳ ದೊಡ್ಡದಾಗಿದ್ದರೆ ಹೊರಗಿನ ಬಯಲು ಕಾಣದು. ಹತ್ತಿಪ್ಪತ್ತು ಮರಗಳ ತೋಪಾಗಿದ್ದರೆ ಕಾಂಡಗಳ ನಡುವಿನಿಂದ ಬಯಲು ಧಾರಾಳವಾಗಿ ಕಾಣುತ್ತದೆ.

ನಕ್ಷತ್ರಗಳಿಗೂ ಲೆಕ್ಕ ಇದೇ. ಒಂದು ನಕ್ಷತ್ರದ ಪಾಲಿಗೆ ಬರುವ ಘನ ಅವಕಾಶವನ್ನು ನಕ್ಷತ್ರಬಿಂಬದ ವಿಸ್ತೀರ್ಣದಿಂದ ಭಾಗಿಸಿದರೆ ನೋಟದ ಎಲ್ಲೆ ದೊರೆಯುತ್ತದೆ. ಗೆಲಾಕ್ಸಿಗಳೊಳಗಿನ ನಕ್ಷತ್ರಗಳನ್ನೆಲ್ಲ ವಿಶ್ವದುದ್ದಕ್ಕೂ ಸಮನಾಗಿ ಹರಡಿದರೆ, ಸೂರ್ಯನಷ್ಟು ದ್ರವ್ಯರಾಶಿಯ ಒಂದು ನಕ್ಷತ್ರದ ಪಾಲಿಗೆ ಸುಮಾರು 10,000 ಕೋಟಿ ಘನ ಜ್ಯೋತಿರ್ವರ್ಷಗಳಷ್ಟು ಅವಕಾಶ ಬರುತ್ತದೆ. ಸೂರ್ಯಬಿಂಬದ ವಿಸ್ತೀರ್ಣವಾದರೋ ಒಂದು ಚದರ ಜ್ಯೋತಿರ್ವರ್ಷದ ಅರವತ್ತು ಲಕ್ಷ ಕೋಟಿಯಲ್ಲಿ ಒಂದು ಪಾಲು. ಭಾಗಾಕಾರದ ಫಲ ಸುಮಾರು 6 × 10²⁴ ಜ್ಯೋತಿರ್ವರ್ಷ, ಅಂದರೆ 6ರ ಮುಂದೆ 24 ಸೊನ್ನೆಗಳು. ನಕ್ಷತ್ರಗಳ ಗಾತ್ರ ಹಾಗೂ ಸಾಂದ್ರತೆಯ ಬಗ್ಗೆ ಇಟ್ಟುಕೊಳ್ಳುವ ಅಂದಾಜನ್ನು ಅನುಸರಿಸಿ ಈ ಸಂಖ್ಯೆ ಹತ್ತಾರು ಪಟ್ಟು ಆಚೀಚೆ ಆಗಬಹುದು. ಹಾಗಾದರೂ ವಾದಕ್ಕೆ ಧಕ್ಕೆಯಿಲ್ಲ.

ಅಷ್ಟು ದೂರದ ಬೆಳಕು ನಮ್ಮನ್ನು ತಲುಪಲು ಅಷ್ಟೇ ವರ್ಷಗಳು ಬೇಕು. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ. ಬೇಕಾದ ಕಾಲ ಇದರ ಸುಮಾರು ನಾಲ್ಕು ಕೋಟಿ ಕೋಟಿ ಪಟ್ಟು. ಆದ್ದರಿಂದ ನಮ್ಮ ದೃಷ್ಟಿರೇಖೆಗಳಲ್ಲಿ ಹೆಚ್ಚುಕಡಿಮೆ ನಾಲ್ಕು ಕೋಟಿ ಕೋಟಿಯಲ್ಲಿ ಒಂದು ಮಾತ್ರ ದೂರದ ಗೆಲಾಕ್ಸಿಗಳ ನಕ್ಷತ್ರವೊಂದನ್ನು ತಾಕುತ್ತದೆ. ಉಳಿದವು ನಕ್ಷತ್ರಗಳ ನಡುವಿನಿಂದ ಹಾದುಹೋಗುತ್ತವೆ. ನಾವಿರುವುದು ಕಾಡಿನಲ್ಲಲ್ಲ, ಅತಿ ವಿರಳವಾದ ತೋಪಿನಲ್ಲಿ. ತೋಪಿನ ಗಾತ್ರವನ್ನು ನಿರ್ಧರಿಸುವುದು ವಿಶ್ವದ ವಿಸ್ತಾರವಲ್ಲ, ಬೆಳಕಿಗೆ ದೊರೆತಿರುವ ಕಾಲ. ವಿಶ್ವವು ಅನಂತವಾಗಿಯೇ ಇದ್ದರೂ ಉತ್ತರ ಬದಲಾಗುವುದಿಲ್ಲ.

ಈ ಉತ್ತರದ ಮೊದಲ ಸುಳಿವು ವಿಜ್ಞಾನಿಯೊಬ್ಬರ ಬರಹದಲ್ಲಿರದೆ ಅಮೆರಿಕದ ಸಾಹಿತಿ ಎಡ್ಗರ್ ಅಲನ್ ಪೋ ಅವರ 1848ರ "ಯುರೇಕಾ" ಎಂಬ ಗದ್ಯಕೃತಿಯಲ್ಲಿ ದೊರೆಯುವುದು ಕುತೂಹಲಕರ. ಅತಿದೂರದ ಭಾಗಗಳಿಂದ ಹೊರಟ ಬೆಳಕು ಇನ್ನೂ ನಮ್ಮಲ್ಲಿಗೆ ಬಂದು ಮುಟ್ಟಿಲ್ಲದಿರಬಹುದೆಂದು ಅವರು ಊಹಿಸಿದ್ದರು. ಲೆಕ್ಕಸಹಿತವಾಗಿ ಇದನ್ನು ನಿರೂಪಿಸಿದವರು ಲಾರ್ಡ್ ಕೆಲ್ವಿನ್. 1901ರ ಲೇಖನದಲ್ಲಿ ಅವರು ಸುಮಾರು 3,300 ಜ್ಯೋತಿರ್ವರ್ಷ ತ್ರಿಜ್ಯದ ಗೋಳದೊಳಗೆ ಸೂರ್ಯನಂಥ 100 ಕೋಟಿ ನಕ್ಷತ್ರಗಳಿವೆಯೆಂದು ಇಟ್ಟುಕೊಂಡು, ಅವೆಲ್ಲ ಸೇರಿ ಆಕಾಶದ ಎಷ್ಟು ಭಾಗವನ್ನು ಮುಚ್ಚುತ್ತವೆ ಎಂದು ಗುಣಿಸಿದರು. ಬಂದ ಉತ್ತರ ಎರಡೂವರೆ ಲಕ್ಷ ಕೋಟಿಯಲ್ಲಿ ಒಂದು ಭಾಗಕ್ಕೆ ಸಮೀಪದ್ದು. ಆಕಾಶ ತುಂಬಬೇಕಾದರೆ ಗೋಳವನ್ನು ಎಷ್ಟು ಹಿಗ್ಗಿಸಬೇಕೆಂದರೆ, ಅದರ ಅಂಚಿನಿಂದ ಬೆಳಕು ಬರುವಷ್ಟರಲ್ಲಿ ನಕ್ಷತ್ರಗಳ ಆಯುಷ್ಯವೇ ಮುಗಿದುಹೋಗಿರುತ್ತದೆ ಎಂದು ಅವರು ತೋರಿಸಿದರು. ಕೆಲ್ವಿನ್‌ರ ಕಾಲಕ್ಕೆ ಸೂರ್ಯನ ಶಕ್ತಿಯ ಮೂಲ ತಿಳಿದಿರಲಿಲ್ಲ, ಇತರ ಗೆಲಾಕ್ಸಿಗಳಿವೆಯೆಂಬುದೂ ಖಚಿತವಾಗಿರಲಿಲ್ಲ. ಆದರೂ ವಾದದ ಹಂದರ ಇಂದಿಗೂ ಹಾಗೆಯೇ ಉಳಿದಿದೆ. ಈ ಲೇಖನ ಬಹುಕಾಲ ಯಾರ ಗಮನಕ್ಕೂ ಬಾರದೆ ಉಳಿದಿತ್ತು. ಎಡ್ವರ್ಡ್ ಹ್ಯಾರಿಸನ್ ಅದನ್ನು 1980ರ ದಶಕದಲ್ಲಿ ಮತ್ತೆ ಬೆಳಕಿಗೆ ತಂದರು.

### ಇಂಧನದ ಕೊರತೆ

ಹ್ಯಾರಿಸನ್ ಇದೇ ಉತ್ತರವನ್ನು ಶಕ್ತಿಯ ದೃಷ್ಟಿಯಿಂದಲೂ ಪರಿಶೀಲಿಸಿದರು. ವಿಶ್ವಕ್ಕೆ ಆದಿಯೇ ಇಲ್ಲವೆಂದು ವಾದಕ್ಕಾಗಿ ಒಪ್ಪಿಕೊಂಡರೂ ನಕ್ಷತ್ರಗಳು ನಿರಂತರವಾಗಿ ಉರಿಯಲಾರವು. ಸೂರ್ಯನಂಥ ನಕ್ಷತ್ರವೊಂದು ಸುಮಾರು 1,000 ಕೋಟಿ ವರ್ಷ ಉರಿಯುತ್ತದೆ. ಆಕಾಶ ತುಂಬಲು ಬೇಕಾದ ಕಾಲದ ಮುಂದೆ ಇದು ಕಣ್ಣು ಮಿಟುಕಿಸುವಷ್ಟೂ ಅಲ್ಲ. ಮೊದಲ ನಕ್ಷತ್ರದ ಬೆಳಕು ದೂರದ ಕಣ್ಣನ್ನು ತಲುಪುವ ಮೊದಲೇ ಹತ್ತಿರದವೆಲ್ಲ ಆರಿರುತ್ತವೆ.

ಒಟ್ಟು ಶಕ್ತಿಯ ಲೆಕ್ಕ ಇನ್ನೂ ನೇರವಾದದ್ದು. ವಿಶ್ವದಲ್ಲಿರುವ ಸಾಧಾರಣ ದ್ರವ್ಯವನ್ನೆಲ್ಲ ಐನ್‌ಸ್ಟೈನರ `E = mc²` ಸಮೀಕರಣದಂತೆ ಒಂದು ಕಣವೂ ಉಳಿಯದ ಹಾಗೆ ವಿಕಿರಣವಾಗಿ ಬದಲಾಯಿಸಿದರೂ, ಆ ವಿಕಿರಣದ ಉಷ್ಣತೆ 20 ಕೆಲ್ವಿನ್‌ಅನ್ನು, ಅಂದರೆ ಸೊನ್ನೆಗಿಂತ ಸುಮಾರು 253 ಡಿಗ್ರಿ ಸೆಲ್ಸಿಯಸ್ ಕೆಳಗಿನ ಮಟ್ಟವನ್ನು ದಾಟುವುದಿಲ್ಲ. ನಕ್ಷತ್ರಗಳಾದರೋ ತಮ್ಮ ದ್ರವ್ಯದ ಶೇಕಡ ಒಂದು ಭಾಗವನ್ನೂ ಬೆಳಕಾಗಿ ಬದಲಾಯಿಸಲಾರವು. ಆಕಾಶವನ್ನು ಬೆಳಗಿಸುವಷ್ಟು ಇಂಧನ ವಿಶ್ವದಲ್ಲಿ ಇಲ್ಲವೇ ಇಲ್ಲ.

### ವಿಸ್ತರಣೆಯ ಪಾಲು

ದೂರದ ಗೆಲಾಕ್ಸಿಗಳು ನಮ್ಮಿಂದ ದೂರ ಸರಿಯುತ್ತಿರುವುದರಿಂದ ಅವುಗಳ ಬೆಳಕಿನ ತರಂಗಗಳು ಉದ್ದವಾಗಿ ಕೆಂಪಿನತ್ತ ಜಾರುತ್ತವೆ ಮತ್ತು ಶಕ್ತಿ ಕಳೆದುಕೊಳ್ಳುತ್ತವೆ. ಇದನ್ನು ಕೆಂಪು ಪಲ್ಲಟ ಎನ್ನುತ್ತಾರೆ. ಇದರಿಂದಲೇ ಆಕಾಶ ಕಪ್ಪಾಗಿದೆಯೆಂಬ ವಿವರಣೆಗೆ ಪ್ರಚಾರ ದೊರೆತದ್ದಕ್ಕೆ ಒಂದು ಚಾರಿತ್ರಿಕ ಕಾರಣವಿದೆ. ಬಾಂಡಿ, ಥಾಮಸ್ ಗೋಲ್ಡ್ ಮತ್ತು ಫ್ರೆಡ್ ಹಾಯ್ಲ್ 1948ರಲ್ಲಿ ಮಂಡಿಸಿದ ಸ್ಥಿರಸ್ಥಿತಿ ಸಿದ್ಧಾಂತದಲ್ಲಿ ವಿಶ್ವಕ್ಕೆ ಆದಿಯಿಲ್ಲ. ಹಳೆಯ ನಕ್ಷತ್ರಗಳ ಜಾಗದಲ್ಲಿ ಹೊಸವು ಹುಟ್ಟುತ್ತಲೇ ಇರುತ್ತವೆ. ಅಂಥ ವಿಶ್ವದಲ್ಲಿ ವಯಸ್ಸಿನ ಉತ್ತರಕ್ಕೆ ಎಡೆಯೇ ಇರುವುದಿಲ್ಲವಾದ್ದರಿಂದ, ಕತ್ತಲೆಯ ಹೊಣೆಯನ್ನೆಲ್ಲ ಕೆಂಪು ಪಲ್ಲಟವೇ ಹೊರಬೇಕಿತ್ತು. ಆ ಸಿದ್ಧಾಂತವನ್ನು ಬಹುಪಾಲು ವಿಜ್ಞಾನಿಗಳು ಕೈಬಿಟ್ಟ ಬಳಿಕವೂ ಅದರ ವಿವರಣೆ ಪಠ್ಯಪುಸ್ತಕಗಳಲ್ಲಿ ಉಳಿದುಕೊಂಡಿತು.

ಸೀಮಿತ ವಯಸ್ಸಿನ ವಿಶ್ವದಲ್ಲಿ ವಿಸ್ತರಣೆಯ ಪಾಲೆಷ್ಟು ಎಂಬುದನ್ನು ಪಾಲ್ ವೆಸನ್ ಮತ್ತು ಸಂಗಡಿಗರು 1987ರಲ್ಲಿ ಲೆಕ್ಕ ಹಾಕಿದರು. ಅದೇ ವಯಸ್ಸಿನ, ಅಷ್ಟೇ ಗೆಲಾಕ್ಸಿಗಳಿರುವ, ಆದರೆ ವಿಸ್ತರಿಸದೆ ನಿಂತಿರುವ ವಿಶ್ವವನ್ನು ಕಲ್ಪಿಸಿ ಹೋಲಿಸಿದಾಗ, ಅದರ ಆಕಾಶ ನಮ್ಮದಕ್ಕಿಂತ ಸರಿಸುಮಾರು ಎರಡು ಪಟ್ಟು ಮಾತ್ರ ಪ್ರಖರವಾಗಿರುತ್ತದೆಂದು ತಿಳಿದುಬಂತು. ಕೋಟಿ ಕೋಟಿ ಪಟ್ಟಿನ ಕೊರತೆಯಲ್ಲಿ ಎರಡು ಪಟ್ಟಿನ ವ್ಯತ್ಯಾಸ ನಗಣ್ಯ. ವಿಸ್ತರಣೆ ಇಂದೇ ನಿಂತರೂ ರಾತ್ರಿ ರಾತ್ರಿಯಾಗಿಯೇ ಉಳಿಯುತ್ತದೆ.

## ನಕ್ಷತ್ರಗಳ ಹಿಂದಿನ ಗೋಡೆ

ನಕ್ಷತ್ರಗಳ ನಡುವಿನಿಂದ ಹಾದುಹೋಗುವ ದೃಷ್ಟಿರೇಖೆಗಳು ಎಲ್ಲಿಯೂ ಕೊನೆಗೊಳ್ಳುವುದಿಲ್ಲವೆ ಎಂಬ ಪ್ರಶ್ನೆ ಸಹಜ. ದೂರಕ್ಕೆ ನೋಡುವುದೆಂದರೆ ಹಿಂದಿನ ಕಾಲವನ್ನು ನೋಡುವುದೆಂದೇ ಅರ್ಥವಾದ್ದರಿಂದ, ಆ ರೇಖೆಗಳು ನಕ್ಷತ್ರಗಳು ಹುಟ್ಟುವುದಕ್ಕೆ ಮುಂಚಿನ ಕಾಲವನ್ನು ತಲುಪುತ್ತವೆ. ಮಹಾಸ್ಫೋಟದ ನಂತರದ ಸುಮಾರು 3,80,000 ವರ್ಷಗಳ ತನಕ ವಿಶ್ವವು ಅಪಾರದರ್ಶಕವಾದ ಬಿಸಿ ಅನಿಲವಾಗಿತ್ತು. ಅದು ಸುಮಾರು 3,000 ಕೆಲ್ವಿನ್‌ಗೆ ತಣಿದಾಗ ಬೆಳಕು ಬಿಡುಗಡೆ ಹೊಂದಿತು. ನಮ್ಮ ಪ್ರತಿಯೊಂದು ದೃಷ್ಟಿರೇಖೆಯೂ ನಕ್ಷತ್ರವನ್ನು ತಾಕದಿದ್ದರೆ ಈ ಉರಿಯುವ ಗೋಡೆಯನ್ನು ತಾಕುತ್ತದೆ.

ಹೀಗಾಗಿ ಓಲ್ಬರ್ಸ್‌ನ ಪ್ರಶ್ನೆ ಇಲ್ಲಿ ಹೊಸ ರೂಪದಲ್ಲಿ ಎದುರಾಗುತ್ತದೆ. 3,000 ಕೆಲ್ವಿನ್‌ನ ಗೋಡೆ ಸೂರ್ಯಬಿಂಬದ ಹದಿನಾಲ್ಕನೇ ಒಂದು ಭಾಗದಷ್ಟು ಪ್ರಖರ. ಅದು ಆಕಾಶವನ್ನೆಲ್ಲ ಆವರಿಸಿದ್ದರೆ ಭೂಮಿಯ ಮೇಲೆ ಜೀವವಿರುತ್ತಿರಲಿಲ್ಲ. ಈ ಬೆಳಕಿನಿಂದ ನಮ್ಮನ್ನು ಕಾಪಾಡಿರುವುದು ವಿಸ್ತರಣೆ. ಅಂದಿನಿಂದ ಇಂದಿನವರೆಗೆ ವಿಶ್ವ ಸುಮಾರು 1,100 ಪಟ್ಟು ಹಿಗ್ಗಿದ್ದು, ವಿಕಿರಣದ ಉಷ್ಣತೆ ಅಷ್ಟೇ ಪಟ್ಟು ಇಳಿದು 2.725 ಕೆಲ್ವಿನ್ ಆಗಿದೆ. ಪ್ರಖರತೆಯು ಉಷ್ಣತೆಯ ನಾಲ್ಕನೇ ಘಾತವನ್ನು ಅನುಸರಿಸುವುದರಿಂದ ಅದು ಒಂದು ಲಕ್ಷ ಕೋಟಿ ಪಟ್ಟಿಗಿಂತಲೂ ಹೆಚ್ಚು ತಗ್ಗಿದೆ. ಕಣ್ಣಿಗೆ ಕಾಣುತ್ತಿದ್ದ ಬೆಳಕು ಸೂಕ್ಷ್ಮತರಂಗವಾಗಿ ಬದಲಾಗಿದೆ. ಆರ್ನೋ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಇದನ್ನು ಪತ್ತೆಹಚ್ಚಿದ ಸಂಗತಿ 1965ರಲ್ಲಿ ಪ್ರಕಟವಾಯಿತು. ಸೂಕ್ಷ್ಮತರಂಗಗಳನ್ನು ಕಾಣಬಲ್ಲ ಕಣ್ಣುಗಳಿದ್ದರೆ ಇರುಳಿನ ಆಕಾಶ ಎಲ್ಲ ದಿಕ್ಕಿನಲ್ಲಿಯೂ ಹೊಳೆಯುತ್ತಿರುವುದು ಕಾಣುತ್ತಿತ್ತು.

## ಕತ್ತಲೆಯ ಅಳತೆ

ಭೂಮಿಯಿಂದ ನೋಡುವಾಗ ಇರುಳಿನ ಆಕಾಶ ಪೂರ್ತಿ ಕಪ್ಪಲ್ಲ. ಊರಿನ ದೀಪಗಳನ್ನು ಬಿಟ್ಟರೂ ವಾತಾವರಣದ ಮೇಲ್ಪದರಗಳು ಸ್ವತಃ ಮಂದವಾಗಿ ಬೆಳಗುತ್ತವೆ. ಗ್ರಹಗಳ ನಡುವಿನ ಧೂಳು ಸೂರ್ಯನ ಬೆಳಕನ್ನು ಚದುರಿಸುತ್ತದೆ. ಆಕಾಶಗಂಗೆಯ ನಕ್ಷತ್ರಗಳ ಬೆಳಕೂ ಸೇರಿಕೊಳ್ಳುತ್ತದೆ. ಇವುಗಳ ಹಿಂದಿರುವ ದೂರದ ಗೆಲಾಕ್ಸಿಗಳ ಒಟ್ಟು ಬೆಳಕನ್ನು ಬೇರ್ಪಡಿಸುವುದು ಬಹಳ ಕಷ್ಟದ ಕೆಲಸ. 2006ರಲ್ಲಿ ಹಾರಿಸಲಾದ ನ್ಯೂ ಹೊರೈಜನ್ಸ್ ನೌಕೆಗೆ ಇದರಲ್ಲಿ ಅನುಕೂಲವಿತ್ತು. ಪ್ಲೂಟೋವನ್ನು ದಾಟಿ, ಭೂಮಿಗೂ ಸೂರ್ಯನಿಗೂ ಇರುವ ಅಂತರದ 57 ಪಟ್ಟು ದೂರದಲ್ಲಿದ್ದಾಗ ಅದು ತೆಗೆದ ಚಿತ್ರಗಳಲ್ಲಿ ಗ್ರಹಗಳ ನಡುವಿನ ಧೂಳಿನ ಬೆಳಕು ಬಹುಮಟ್ಟಿಗೆ ಇರಲಿಲ್ಲ. ಇದೇ ನೌಕೆಯ ಹಿಂದಿನ ಅಳತೆಗಳು, ತಿಳಿದಿರುವ ಗೆಲಾಕ್ಸಿಗಳಿಂದ ವಿವರಿಸಲಾಗದ ಹೆಚ್ಚುವರಿ ಬೆಳಕಿರಬಹುದೆಂಬ ಅನುಮಾನ ಹುಟ್ಟಿಸಿದ್ದವು. ನಮ್ಮ ಗೆಲಾಕ್ಸಿಯ ಧೂಳು ಚದುರಿಸುವ ಬೆಳಕನ್ನು ಇನ್ನಷ್ಟು ನಿಖರವಾಗಿ ಕಳೆದು 2024ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ದೃಗ್ಗೋಚರ ಹಿನ್ನೆಲೆ ಬೆಳಕು ಚದರ ಮೀಟರಿಗೆ, ಪ್ರತಿ ಸ್ಟೆರೇಡಿಯನ್ ಕೋನಕ್ಕೆ ಸುಮಾರು 11 ನ್ಯಾನೋವಾಟ್ ಎಂದು ಕಂಡುಬಂತು. ಅಳತೆಯ ದೋಷಮಿತಿಯೊಳಗೆ ಇದು ಗೆಲಾಕ್ಸಿಗಳನ್ನು ಎಣಿಸಿ ಪಡೆದ ಮೊತ್ತಕ್ಕೆ ಹೊಂದುತ್ತದೆ.

ಮೇಲಿನ ಕಾಡಿನ ಲೆಕ್ಕವನ್ನು ಈ ಅಳತೆಯೊಂದಿಗೆ ಹೋಲಿಸಬಹುದು. ಸೂರ್ಯನ ಮೇಲ್ಮೈಯ ಪ್ರಖರತೆ ಅದೇ ಮಾನದಲ್ಲಿ ಸುಮಾರು 2 ಕೋಟಿ ವಾಟ್. ಅದನ್ನು ನಾಲ್ಕು ಕೋಟಿ ಕೋಟಿಯಿಂದ ಭಾಗಿಸಿದರೆ 50 ನ್ಯಾನೋವಾಟ್ ಬರುತ್ತದೆ. ಅಳೆದ 11 ನ್ಯಾನೋವಾಟ್ ದೃಗ್ಗೋಚರ ಭಾಗಕ್ಕೆ ಮಾತ್ರ ಸೇರಿದ್ದು, ಧೂಳು ಹೀರಿ ಅವಕೆಂಪಾಗಿ ಹೊರಬಿಟ್ಟ ನಕ್ಷತ್ರಗಳ ಬೆಳಕು ಅದರಲ್ಲಿ ಸೇರಿಲ್ಲ. ಅದನ್ನೂ ಕೂಡಿಸಿದರೆ ಎರಡು ಸಂಖ್ಯೆಗಳು ಒಂದೇ ಶ್ರೇಣಿಗೆ ಬರುತ್ತವೆ. ಸೂಕ್ಷ್ಮತರಂಗ ಹಿನ್ನೆಲೆಯ ಪ್ರಖರತೆ ಇದೇ ಮಾನದಲ್ಲಿ ಸುಮಾರು 1,000 ನ್ಯಾನೋವಾಟ್. ಗೆಲಾಕ್ಸಿಗಳ ಆಚೆಯಿಂದ ನಮಗೆ ಬರುವ ವಿಕಿರಣದಲ್ಲಿ ನಕ್ಷತ್ರಗಳದ್ದು ಸಣ್ಣ ಪಾಲು.